ಮಂಗಳವಾರದ ಮೊಟ್ಟೆ, ಸೋಮವಾರದ ಮಕ್ಕಳು

ಒಬ್ಬರ ಕರಡು ಪ್ರಬಂಧವನ್ನು ಇನ್ನೊಬ್ಬರು ಓದಿ ಲಿಖಿತ ಅಭಿಪ್ರಾಯ ಕೊಡಬೇಕು ಎಂಬ ನಿಯಮವನ್ನು ನಮ್ಮ ಎಂ.ಎಡ್. ತರಗತಿಗೆ ಯಾರು ತಂದರೋ, ಅವರಿಗೆ ನಮ್ಮ ಜನದ ಸಂಕೋಚದ ಅಂದಾಜು ಇದ್ದಂತಿಲ್ಲ. ಎದುರಿಗೆ ಕೂತವರು ಹತ್ತು ಹದಿನೈದು ವರ್ಷ ಪಾಠ ಮಾಡಿ ಬಂದ ಮೇಷ್ಟ್ರುಗಳು. ಮಧ್ಯಾಹ್ನ ಒಂದೇ ಬೆಂಚಿನಲ್ಲಿ ಕೂತು ಡಬ್ಬಿ ಬಿಚ್ಚಬೇಕು, ಒಬ್ಬರ ಉಪ್ಪಿನಕಾಯಿ ಇನ್ನೊಬ್ಬರ ಮುಚ್ಚಳಕ್ಕೆ ಬರಬೇಕು. ಅಂಥವರಿಗೆ ‘ನಿಮ್ಮ ವಾದ ನಿಲ್ಲುವುದಿಲ್ಲ’ ಎಂದು ಶಾಯಿಯಲ್ಲಿ ಬರೆದು, ಕೆಳಗೆ ಸಹಿ ಹಾಕಿ ಕೊಡುವುದು ಹೇಗೆ? ಹಾಗಾಗಿ ವಾದ, ಆಧಾರ, ರಚನೆ ಎಂದು ಮೂರು ಕಲಂಗಳಿದ್ದ ಆ ನಮೂನೆಯನ್ನು ನಾವೆಲ್ಲ ತುಂಬುತ್ತಿದ್ದ ರೀತಿ ಒಂದೇ. ವಾದ: ಚೆನ್ನಾಗಿ ಮೂಡಿಬಂದಿದೆ. ಆಧಾರ: ಸಾಕಷ್ಟು ಒದಗಿಸಿದ್ದಾರೆ. ರಚನೆ: ಅಲ್ಲಲ್ಲಿ ಕಾಗುಣಿತ ದೋಷಗಳಿವೆ, ಸರಿಪಡಿಸಿಕೊಳ್ಳುವುದು. ಅಲ್ಪಪ್ರಾಣ ಮಹಾಪ್ರಾಣದ ತಪ್ಪುಗಳನ್ನು ಕೆಂಪಿನಲ್ಲಿ ಸುತ್ತು ಹಾಕುವಾಗ ನಮಗಿದ್ದ ಉತ್ಸಾಹ ನೋಡಬೇಕಿತ್ತು. ಅದರಿಂದ ಯಾರ ಮನಸ್ಸೂ ನೋಯುವುದಿಲ್ಲ, ಯಾರ ಪ್ರಬಂಧವೂ ಬದಲಾಗುವುದಿಲ್ಲ.

ನನ್ನ ಪಾಲಿಗೆ ಬಂದದ್ದು ನಮ್ಮ ತರಗತಿಯ ಹಿರಿಯ ಸಹಪಾಠಿಯೊಬ್ಬರ ಕರಡು. ಅವರ ಹೆಸರು ಇಲ್ಲಿ ಬೇಡ. ತರಗತಿಯಲ್ಲಿ ನಾವೆಲ್ಲ ಕರೆಯುವಂತೆ ‘ಮೇಷ್ಟ್ರು’ ಎಂದರೆ ಸಾಕು. ಹಳ್ಳಿಯೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯವರು, ರಜೆ ಹಾಕಿ ಓದಲು ಬಂದವರು. ಪ್ರಬಂಧದ ಹೆಸರು ‘ಮೊಟ್ಟೆ ವಿತರಣೆಯಿಂದ ಮಕ್ಕಳ ಕಲಿಕಾ ಮಟ್ಟದ ಸುಧಾರಣೆ: ಒಂದು ಅಧ್ಯಯನ’. ಹದಿನಾಲ್ಕು ಪುಟ. ವಿಷಯ ಜೀವಂತವಾದದ್ದು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರುಮಾಡಿದಾಗ ಕೆಲವು ಮಠಾಧೀಶರು ವಿರೋಧಿಸಿದ್ದು, ಮಕ್ಕಳೇ ‘ನಮಗೆ ಮೊಟ್ಟೆ ಬೇಕು’ ಎಂದು ಮಾತಾಡಿದ್ದು ಎಲ್ಲರಿಗೂ ನೆನಪಿದೆ. ಆಮೇಲೆ ಅದು ರಾಜ್ಯಕ್ಕೆಲ್ಲ ಬಂತು, ವಾರಕ್ಕೆ ಎರಡು ದಿನ ಎಂದಾಯಿತು, 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರದ ಆರೂ ದಿನ ಎಂದಾಯಿತು. ಆಗ ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ ಕೊಡುತ್ತಿದ್ದರು.

ಈ ಕರಡಿಗೂ ‘ಚೆನ್ನಾಗಿದೆ ಸರ್’ ಎಂದು ಬರೆದು ಕೊಡಬಹುದಿತ್ತು. ಆದರೆ ಮೇಷ್ಟ್ರು ಹಾಳೆ ಕೊಡುವಾಗ, “ಮೇಡಂ, ಕಾಗುಣಿತ ನಮ್ಮ ಮನೆಯವರು ನೋಡಿದಾರೆ, ನೀವು ಬೇರೆ ಏನಾದ್ರೂ ನೋಡಿ” ಎಂದುಬಿಟ್ಟರು. ತಪ್ಪಿಸಿಕೊಳ್ಳುವ ಬಾಗಿಲನ್ನು ಅವರೇ ಮುಚ್ಚಿದರು.

ಬೇರೆ ಏನಾದರೂ ನೋಡುವುದು ಎಂದರೆ ಮೊದಲು ಲೇಖಕರು ಏನು ಹೇಳುತ್ತಿದ್ದಾರೆ ಎಂಬುದನ್ನು ಹಿಡಿಯುವುದು. ಕೇಳಲು ಇದು ಸುಲಭ. ಕರಡನ್ನು ಒಮ್ಮೆ ಪೆನ್ನಿಲ್ಲದೆ ಓದಿ, ಎರಡನೇ ಸಲ ಪೆನ್ಸಿಲ್ ಹಿಡಿದು, ‘ಇದರಿಂದ ಇದಾಗುತ್ತದೆ’ ಎಂದು ಹೇಳುವ ವಾಕ್ಯಗಳಿಗೆ ಮಾತ್ರ ಗೆರೆ ಎಳೆಯುತ್ತ ಹೋದೆ. ಮೊದಲ ಪುಟದಲ್ಲಿ ಮೊಟ್ಟೆಯಿಂದ ಕಲಿಕೆ ಸುಧಾರಿಸುತ್ತದೆ ಎಂದಿತ್ತು. ಒಂಬತ್ತನೇ ಪುಟದಲ್ಲಿ ಮೊಟ್ಟೆಯಿಂದ ಹಾಜರಾತಿ ಹೆಚ್ಚುತ್ತದೆ ಎಂದಿತ್ತು. ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ಮೊಟ್ಟೆಯಿಂದ ಅಪೌಷ್ಟಿಕತೆ ನಿವಾರಣೆಯಾಗಿ ದೇಶದ ಭವಿಷ್ಯ ಉಜ್ವಲವಾಗಿತ್ತು. ಮೂರೂ ಒಳ್ಳೆಯ ಮಾತೇ. ಆದರೆ ಮೂರಕ್ಕೂ ಬೇರೆ ಬೇರೆ ಆಧಾರ ಬೇಕು. ಕಲಿಕೆಗೆ ಓದು, ಲೆಕ್ಕದ ಪರೀಕ್ಷೆಯ ಅಂಕ ಬೇಕು. ಅಪೌಷ್ಟಿಕತೆಗೆ ಎತ್ತರ, ತೂಕದ ಅಳತೆ ಬೇಕು. ಮೇಷ್ಟ್ರ ಹತ್ತಿರ ಇದ್ದದ್ದು ಹಾಜರಿ ಪುಸ್ತಕ ಒಂದೇ.

ವಾದದ ಕಲಂನಲ್ಲಿ ನಾನು ಬರೆದದ್ದು ಇಷ್ಟು: “ಸರ್, ನಿಮ್ಮ ಪ್ರಬಂಧ ಹೇಳುತ್ತಿರುವುದು ‘ಮೊಟ್ಟೆ ಕೊಡುವ ದಿನ ನಮ್ಮ ಶಾಲೆಗೆ ಹೆಚ್ಚು ಮಕ್ಕಳು ಬರುತ್ತಾರೆ’ ಎಂದು ನಾನು ತಿಳಿದಿದ್ದೇನೆ. ಇದು ಸರಿಯೇ? ಸರಿಯಾದರೆ ಶೀರ್ಷಿಕೆಯೂ, 1 ಮತ್ತು 14ನೇ ಪುಟದಲ್ಲಿ ಗೆರೆ ಎಳೆದ ವಾಕ್ಯಗಳೂ ಇದಕ್ಕಿಂತ ಹೆಚ್ಚು ಹೇಳುತ್ತಿವೆ.” ಓದುಗ ತಾನು ಹಿಡಿದ ಅರ್ಥವನ್ನು ಒಂದೇ ವಾಕ್ಯದಲ್ಲಿ ಲೇಖಕರಿಗೆ ತಿರುಗಿಸಿ ಹೇಳುವುದು ಇಂಥ ಟಿಪ್ಪಣಿಯಲ್ಲಿ ಮೊದಲು ಮಾಡಬೇಕಾದ ಕೆಲಸ ಎಂದು ನನ್ನ ನಂಬಿಕೆ. ‘ವಾದದಲ್ಲಿ ಸ್ಪಷ್ಟತೆ ಇಲ್ಲ’ ಎಂದು ಬರೆದಿದ್ದರೆ ಅವರು ಒಪ್ಪಬಹುದು ಅಥವಾ ಸಿಟ್ಟಾಗಬಹುದು, ಅಷ್ಟೆ. ‘ನನಗೆ ಹೀಗೆ ಅರ್ಥವಾಯಿತು’ ಎಂದರೆ, ಹೌದು ಅಥವಾ ಅಲ್ಲ ಎಂದು ಹೇಳಲೇಬೇಕಾಗುತ್ತದೆ. ಅಲ್ಲದೆ ಹಿರಿಯರಿಗೆ ಹೀಗೆ ಬರೆಯುವುದರಲ್ಲಿ ಒಂದು ಅನುಕೂಲವೂ ಇದೆ. ಅರ್ಥವಾಗದ್ದರ ಭಾರವನ್ನು ಅರ್ಧ ನಾವೇ ಹೊತ್ತಂತೆ ಕಾಣುತ್ತದೆ.

ಇನ್ನು ಆಧಾರದ ಮಾತು. ಅಲ್ಲೇ ನಾನು ಎರಡು ಸಂಜೆ ಕೂತದ್ದು. ಹನ್ನೊಂದನೇ ಪುಟದಲ್ಲಿ ಒಂದು ಕೋಷ್ಟಕ ಇತ್ತು. 4 ಮತ್ತು 5ನೇ ತರಗತಿ ಸೇರಿ 40 ಮಕ್ಕಳು. 2023ರ ನವೆಂಬರ್, ಡಿಸೆಂಬರ್ ತಿಂಗಳ ಹಾಜರಿ. ಆಗ ಅವರ ಶಾಲೆಯಲ್ಲಿ ಮೊಟ್ಟೆಯ ದಿನಗಳು ಮಂಗಳವಾರ ಮತ್ತು ಶುಕ್ರವಾರ. ಮೊಟ್ಟೆಯ ದಿನ ಸರಾಸರಿ 34 ಮಕ್ಕಳು, ಉಳಿದ ದಿನ ಸುಮಾರು 30. ಎಂದರೆ ಶೇಕಡಾ 85ರ ಎದುರು ಹೆಚ್ಚುಕಡಿಮೆ 75. ಶೇಕಡಾ ಹತ್ತರ ಏರಿಕೆ, ಮೊಟ್ಟೆಯ ಮಹಿಮೆ, ಕೋಷ್ಟಕ ಮುಗಿಯಿತು. (ಅಂಕಿಗಳನ್ನು ಇಲ್ಲಿ ದುಂಡಾಗಿಸಿ ಬರೆಯುತ್ತಿದ್ದೇನೆ; ಮೇಷ್ಟ್ರ ಶಾಲೆ ಯಾವುದೆಂದು ಯಾರೂ ಹುಡುಕಿ ಹೋಗುವುದು ಬೇಡ.)

ಕೋಷ್ಟಕದಲ್ಲಿ ಇದ್ದದ್ದು ಎರಡೇ ಸಾಲು. ಶಾಲೆಯ ವಾರಕ್ಕೆ ಇರುವುದು ಆರು ದಿನ. ಉಳಿದ ನಾಲ್ಕು ದಿನಗಳನ್ನು ಒಂದೇ ಚೀಲಕ್ಕೆ ಹಾಕಿ ಸರಾಸರಿ ತೆಗೆದಿದ್ದಾರೆ ಎಂದು ತಿಳಿದ ಕೂಡಲೇ ಫೋನ್ ಮಾಡಿ, “ಸರ್, ದಿನದ ಲೆಕ್ಕ ಇದೆಯಾ?” ಎಂದೆ. ಇತ್ತು. ಮೇಷ್ಟ್ರುಗಳ ಹತ್ತಿರ ದಾಖಲೆ ಇಲ್ಲ ಎಂಬ ಮಾತೇ ಇಲ್ಲ. ಇಲಾಖೆ ಅವರನ್ನು ಹಾಗೆ ಬೆಳೆಸಿದೆ. ಫೋಟೋ ತೆಗೆದು ಕಳಿಸಿದರು. ಸೋಮವಾರ 28, ಮಂಗಳವಾರ 34, ಬುಧವಾರ 33, ಗುರುವಾರ 33, ಶುಕ್ರವಾರ 34, ಶನಿವಾರ 25.

ಈ ಸಾಲನ್ನು ನೋಡಿದ ಯಾವ ಹಳ್ಳಿಯವರಿಗಾದರೂ ವಿಷಯ ಹೊಳೆಯುತ್ತದೆ. ಸೋಮವಾರ ಹೋಬಳಿಯಲ್ಲಿ ಸಂತೆ. ಅಪ್ಪ ಅಮ್ಮ ಸಂತೆಗೆ ಹೋದರೆ ದೊಡ್ಡ ಮಗು ಮನೆಯಲ್ಲಿ ಚಿಕ್ಕದನ್ನು ನೋಡಿಕೊಳ್ಳಬೇಕು, ಇಲ್ಲವೇ ತಾನೂ ಸಂತೆಗೆ ಹೊರಡಬೇಕು. ಶನಿವಾರ ಬೆಳಗಿನ ತರಗತಿ. ಬೇಗ ಏಳಬೇಕು, ಅರ್ಧ ದಿನ ತಾನೇ ಎಂಬ ಉದಾಸೀನ ಬೇರೆ. ಮೊಟ್ಟೆ ಇರಲಿ ಬಿಡಲಿ, ಈ ಎರಡು ದಿನ ಮಕ್ಕಳು ಕಡಿಮೆ. ಆ ಎರಡು ದಿನಗಳ ಕೊರತೆಯೇ ‘ಉಳಿದ ದಿನ’ಗಳ ಸರಾಸರಿಯನ್ನು 30ಕ್ಕೆ ಎಳೆದಿದೆ. ಸಂತೆಯೂ ಇಲ್ಲದ, ಬೆಳಗಿನ ತರಗತಿಯೂ ಇಲ್ಲದ ಬುಧವಾರ, ಗುರುವಾರಗಳ ಪಕ್ಕದಲ್ಲಿ ಮಂಗಳವಾರ, ಶುಕ್ರವಾರಗಳನ್ನು ಇಟ್ಟರೆ 33ರ ಎದುರು 34. ದಿನಕ್ಕೆ ನಾಲ್ಕು ಮಕ್ಕಳನ್ನು ತರುತ್ತಿದ್ದ ಮೊಟ್ಟೆ ಈಗ ಒಂದು ಮಗುವನ್ನು ತರುತ್ತಿದೆ. ಆ ಒಂದು ಮಗುವೂ ಮೊಟ್ಟೆಗೇ ಬಂದಿತೋ, ಅಜ್ಜಿ ಮನೆಯಿಂದ ಅವತ್ತು ಬೆಳಿಗ್ಗೆಯಷ್ಟೇ ವಾಪಸಾಯಿತೋ ಹೇಳಲು ಬರುವುದಿಲ್ಲ.

ಟಿಪ್ಪಣಿ ಇಲ್ಲಿಗೇ ನಿಂತಿದ್ದರೆ ಅದು ಮೇಷ್ಟ್ರ ಹೊಟ್ಟೆ ಉರಿಸುವ ಕೆಲಸವಾಗುತ್ತಿತ್ತು. ನಿಮ್ಮ ಲೆಕ್ಕ ತಪ್ಪು ಎಂದು ಹೇಳಿದವರು, ಇದೇ ಪುಸ್ತಕದಿಂದ ಸರಿಯಾದ ಲೆಕ್ಕ ಹೇಗೆ ತೆಗೆಯಬಹುದು ಎಂಬುದನ್ನೂ ಹೇಳಬೇಕು. ಅದೃಷ್ಟಕ್ಕೆ, ಸರ್ಕಾರವೇ ಮೇಷ್ಟ್ರಿಗೊಂದು ಪ್ರಯೋಗ ಮಾಡಿಕೊಟ್ಟಿತ್ತು. ಎರಡು ದಿನದ ಮೊಟ್ಟೆ ಆರು ದಿನಕ್ಕೆ ಏರಿತಲ್ಲ, ಅದು. ಮೊಟ್ಟೆಯೇ ಮಕ್ಕಳನ್ನು ತರುವುದಾದರೆ, ಹೊಸದಾಗಿ ಮೊಟ್ಟೆ ಬಂದ ಸೋಮ, ಬುಧ, ಗುರು, ಶನಿವಾರಗಳಲ್ಲಿ ಹಾಜರಿ ಏರಬೇಕು. ಮೊದಲಿನಿಂದಲೂ ಮೊಟ್ಟೆ ಇದ್ದ ಮಂಗಳವಾರ, ಶುಕ್ರವಾರ ಇದ್ದಲ್ಲೇ ಇರಬೇಕು. ಅವೂ ಜೊತೆಗೆ ಏರಿದ್ದರೆ ಕಾರಣ ಮೊಟ್ಟೆಯಲ್ಲ, ಬೇರೆ ಏನೋ; ಹೊಸ ಮುಖ್ಯೋಪಾಧ್ಯಾಯರು ಬಂದಿರಬಹುದು, ಮಳೆ ಕಡಿಮೆಯಾಗಿರಬಹುದು.

ತಿಂಗಳ ಆಯ್ಕೆಯಲ್ಲಿ ಮಾತ್ರ ಎಚ್ಚರ ಬೇಕು ಎಂದು ಬರೆದೆ. ಆರು ದಿನದ ಮೊಟ್ಟೆ ಬಂದದ್ದೇ ತಡ, ಅದರ ಹಿಂದಿನ ತಿಂಗಳನ್ನೂ ಮುಂದಿನ ತಿಂಗಳನ್ನೂ ಹೋಲಿಸಲು ಹೊರಟರೆ ಶ್ರಾವಣ, ಗಣೇಶನ ಹಬ್ಬ, ಪಿತೃಪಕ್ಷ, ದಸರಾ ರಜೆ ಎಲ್ಲ ಕಾಲಿಗೆ ತೊಡರುತ್ತವೆ. ಶ್ರಾವಣದಲ್ಲಿ ಎಷ್ಟೋ ಮನೆಗಳಲ್ಲಿ ಮೊಟ್ಟೆ ಒಳಗೆ ಬರುವುದಿಲ್ಲ; ಶಾಲೆಯಲ್ಲೂ ತಿನ್ನಬೇಡ ಎಂದು ಮಗುವಿಗೆ ಹೇಳಿ ಕಳಿಸುತ್ತಾರೆ. ಹಾಗಾಗಿ 2023ರ ನವೆಂಬರ್, ಡಿಸೆಂಬರಿಗೆ 2024ರ ಅದೇ ಎರಡು ತಿಂಗಳನ್ನೇ ಎದುರಿಡಬೇಕು. ರಾಗಿ ಕೊಯ್ಲಿಗೆ ಮಕ್ಕಳು ತಪ್ಪಿಸಿಕೊಳ್ಳುವುದಿದ್ದರೆ ಎರಡೂ ವರ್ಷ ತಪ್ಪಿಸಿಕೊಂಡಿರುತ್ತಾರೆ.

ಇದಕ್ಕೆ ಮೇಷ್ಟ್ರೇ ಒಂದು ತಕರಾರು ತೆಗೆದರು. “ಮೇಡಂ, 2023ರ ಐದನೇ ಕ್ಲಾಸಿನವರು 2024ರಲ್ಲಿ ಆರಕ್ಕೆ ಹೋದರು. ಮಕ್ಕಳೇ ಬೇರೆ, ಹೋಲಿಸೋದು ಹೇಗೆ?” ಒಳ್ಳೆಯ ಪ್ರಶ್ನೆ. ಉತ್ತರ ಏನೆಂದರೆ, ಈ ವರ್ಷದ ಸೋಮವಾರವನ್ನು ಹೋದ ವರ್ಷದ ಸೋಮವಾರಕ್ಕೆ ನೇರವಾಗಿ ಹೋಲಿಸಬಾರದು. ಒಂದೇ ವರ್ಷದೊಳಗೆ, ಅದೇ ಮಕ್ಕಳ ಮಂಗಳವಾರಕ್ಕೂ ಸೋಮವಾರಕ್ಕೂ ಇರುವ ಅಂತರವನ್ನು ಮೊದಲು ತೆಗೆಯಬೇಕು. ಆಮೇಲೆ ಆ ಅಂತರ ಎರಡು ವರ್ಷದ ನಡುವೆ ಎಷ್ಟು ಬದಲಾಯಿತು ಎಂದು ನೋಡಬೇಕು. 2023ರಲ್ಲಿ ಮಂಗಳವಾರ 34, ಸೋಮವಾರ 28, ಅಂತರ 6. ಮರುವರ್ಷವೂ ಒಟ್ಟು ಮಕ್ಕಳು ನಲವತ್ತೇ ಇದ್ದರು, ಮಂಗಳವಾರ 34, ಸೋಮವಾರ 29, ಅಂತರ 5. ಶನಿವಾರದ ಅಂತರ ಆಗಲೂ 9, ಈಗಲೂ 9. ಸೋಮವಾರಕ್ಕೆ ಒಂದು ಮಗು ಹೆಚ್ಚಾಯಿತು, ಶನಿವಾರ ಕದಲಲಿಲ್ಲ.

ಫರ್ಜಾನಾ ಅಫ್ರಿದಿ ಎಂಬ ಅರ್ಥಶಾಸ್ತ್ರಜ್ಞೆ ಮಧ್ಯಪ್ರದೇಶದ ಹಳ್ಳಿ ಶಾಲೆಗಳಲ್ಲಿ ಮಾಡಿದ ಅಧ್ಯಯನದ ಹಿಂದೆ ಇರುವುದೂ ಇದೇ ಯುಕ್ತಿ. ಅಲ್ಲಿ ಮೊದಲು ಮಕ್ಕಳ ಮನೆಗೆ ಹಸಿ ಧಾನ್ಯ ಕೊಡುತ್ತಿದ್ದರು. ಆಮೇಲೆ ಶಾಲೆಯಲ್ಲೇ ಬೇಯಿಸಿ ಬಡಿಸುವುದು ಬಂತು, ಆದರೆ ಎಲ್ಲ ಶಾಲೆಗೂ ಒಂದೇ ದಿನ ಬರಲಿಲ್ಲ. ಆ ಹಿಂದುಮುಂದಾದದ್ದನ್ನೇ ಹಿಡಿದು, ಬಿಸಿಯೂಟ ಬಂದ ಕಡೆ ಕೆಳ ತರಗತಿಗಳ ಹೆಣ್ಣುಮಕ್ಕಳ ಹಾಜರಾತಿ ಗಣನೀಯವಾಗಿ ಏರಿದ್ದನ್ನು ಅವರು ತೋರಿಸಿದರು. ಮೇಷ್ಟ್ರ ಕರಡಿನಲ್ಲಿ ಹತ್ತು ಅಧ್ಯಯನಗಳ ಹೆಸರಿತ್ತು, ಒಂದೊಂದಕ್ಕೆ ಒಂದೊಂದು ಪ್ಯಾರಾ. ಅವುಗಳಲ್ಲಿ ಒಂದಕ್ಕೂ ಅವರ ಸ್ವಂತ ಕೋಷ್ಟಕಕ್ಕೂ ಮಾತುಕತೆಯೇ ಇರಲಿಲ್ಲ. ಹತ್ತರ ಬದಲು ಈ ಒಂದನ್ನು ಇಟ್ಟುಕೊಳ್ಳಿ, ಅಲ್ಲಿ ಏಕೆ ಏರಿತು, ನಿಮ್ಮಲ್ಲಿ ಏಕೆ ಅಷ್ಟು ಏರಲಿಲ್ಲ ಎಂದು ಕೇಳಿಕೊಳ್ಳಿ ಎಂದು ಬರೆದೆ. ಉತ್ತರದ ಸುಳಿವು ಎದುರಿಗೇ ಇದೆ. ಅಲ್ಲಿ ಊಟವೇ ಹೊಸದು. ಇಲ್ಲಿ ಅಕ್ಷರ ದಾಸೋಹ 2002ರಲ್ಲೇ ಶುರುವಾಗಿದೆ; ಅನ್ನ ಸಾರಿನ ಆಸೆಗೆ ಬರುವ ಮಗು ಆಗಲೇ ಬರುತ್ತಿದೆ. ಅದರ ಮೇಲೆ ಮೊಟ್ಟೆ ಎಷ್ಟು ಜನರನ್ನು ಹೆಚ್ಚಿಗೆ ಕರೆತರಬೇಕು? ಮೊಟ್ಟೆಯ ಕೆಲಸ ಮಗುವಿನ ಮೈಗೆ ಪ್ರೋಟೀನು ಕೊಡುವುದು. ಆ ಕೆಲಸವನ್ನು ಅದು ಮಾಡುತ್ತಿದೆಯೋ ಇಲ್ಲವೋ ಹಾಜರಿ ಪುಸ್ತಕಕ್ಕೆ ಗೊತ್ತಾಗುವುದಿಲ್ಲ.

ಹಾಜರಿ ಪುಸ್ತಕ ಎಂದೆನಲ್ಲ, ಅದರ ಬಗ್ಗೆಯೂ ಒಂದು ಮಾತು ಬರೆಯಲೇಬೇಕಾಯಿತು. ಬರೆಯಲು ಅತ್ಯಂತ ಕಷ್ಟವಾದ ಮಾತು ಅದೇ. ಎಷ್ಟು ಮಕ್ಕಳು ಬಂದರು ಎಂಬ ಲೆಕ್ಕದ ಮೇಲೆಯೇ ಎಷ್ಟು ಮೊಟ್ಟೆ ಖರ್ಚಾಯಿತು ಎಂಬ ಲೆಕ್ಕ ನಿಲ್ಲುತ್ತದೆ. ತಂದ ಮೊಟ್ಟೆ ಮೂವತ್ತನಾಲ್ಕು, ಬಂದ ಮಕ್ಕಳು ಮೂವತ್ತೆರಡು ಆದಾಗ ಎರಡು ಮೊಟ್ಟೆಗೆ ಉತ್ತರ ಹೇಳಬೇಕಾಗುತ್ತದೆ. ಹನ್ನೊಂದು ಗಂಟೆಗೆ ಬಂದ ಮಗುವನ್ನು ಬೇರೆ ದಿನ ಗೈರು ಎಂದು ಬಿಡುವ ಶಿಕ್ಷಕರು ಮೊಟ್ಟೆಯ ದಿನ ಹಾಜರು ಎಂದು ಬರೆಯಬಹುದು. ಅದರಲ್ಲಿ ಕೇಡೇನೂ ಇಲ್ಲ, ಮಗು ತಿಂದಿದೆಯಲ್ಲ. ಆದರೆ ಮೇಷ್ಟ್ರು ಅಳೆಯ ಹೊರಟದ್ದೇ ಆ ಒಂದೆರಡು ಮಕ್ಕಳ ವ್ಯತ್ಯಾಸವನ್ನು. ಇದನ್ನು ಸಹೋದ್ಯೋಗಿಗೆ ‘ನಿಮ್ಮ ಶಾಲೆಯವರು ಸುಳ್ಳು ಹಾಜರಿ ಹಾಕುತ್ತೀರಿ’ ಎಂಬ ಧ್ವನಿ ಬರದಂತೆ ಬರೆಯುವುದು ಹೇಗೆ? ನಾಲ್ಕು ಸಲ ಬರೆದು ಹೊಡೆದು ಹಾಕಿ ಕೊನೆಗೆ ಇಷ್ಟು ಉಳಿಸಿದೆ: “ಈ ಪುಸ್ತಕ ಬರೆದದ್ದು ಊಟದ ಲೆಕ್ಕಕ್ಕೆ, ಸಂಶೋಧನೆಗಲ್ಲ. ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಕೆಲವು ದಿನ ಬೇರೆ ಯಾರಾದರೂ ತಲೆ ಎಣಿಸಿ ಬರೆದಿಟ್ಟರೆ ಎರಡನ್ನೂ ಅಕ್ಕಪಕ್ಕ ಇಡಬಹುದು. ನೀವೇ ಆ ಶಾಲೆಯ ಶಿಕ್ಷಕರು ಎಂಬುದನ್ನೂ ವಿಧಾನದ ಭಾಗದಲ್ಲಿ ಹೇಳಿಬಿಡಿ.” ಮೇಷ್ಟ್ರು ಓದಿ ನಕ್ಕರಂತೆ. “ಇದು ನಂಗೂ ಗೊತ್ತಿತ್ತು ಮೇಡಂ, ಯಾರಾದ್ರೂ ಕೇಳಲಿ ಅಂತ ಕಾಯ್ತಿದ್ದೆ” ಎಂದರು. ಅದು ನಿಜವೋ, ಹಿರಿಯರ ಮರ್ಯಾದೆ ಕಾಪಾಡಿಕೊಳ್ಳುವ ಮಾತೋ ನಾನು ವಿಚಾರಿಸಲಿಲ್ಲ.

ರಚನೆಯ ವಿಷಯ ಬೇಗ ಮುಗಿಯಿತು. ಪ್ರತಿ ಪ್ಯಾರಾದ ಪಕ್ಕ ಅದು ಮಾಡುತ್ತಿರುವ ಕೆಲಸವನ್ನು ಮೂರ್ನಾಲ್ಕು ಪದಗಳಲ್ಲಿ ಬರೆಯುತ್ತ ಹೋದೆ. ‘ಗುರುಕುಲದಲ್ಲಿ ಊಟ’, ‘ತಮಿಳುನಾಡು, ಎಂಜಿಆರ್, 1982’, ‘ಸುಪ್ರೀಂ ಕೋರ್ಟ್, 2001’, ‘ಊಟದ ಮಹತ್ವ’, ‘ಮತ್ತೆ ಊಟದ ಮಹತ್ವ’. ಆ ಅಂಚಿನ ಪದಗಳನ್ನಷ್ಟೇ ಮೇಲಿನಿಂದ ಕೆಳಗೆ ಓದಿದರೆ ಕಾಯಿಲೆ ತಾನೇ ಕಾಣುತ್ತದೆ: ಐದೂವರೆ ಪುಟ ಇತಿಹಾಸ, ಮೇಷ್ಟ್ರು ಸ್ವತಃ ಕಂಡದ್ದಕ್ಕೆ ಎರಡು ಪುಟ, ಅದೂ ಹನ್ನೊಂದರಿಂದ. ಪ್ರಾಚೀನ ಕಾಲದಿಂದ ಹೊರಡದ ಪ್ರಬಂಧ ನಮ್ಮ ಕಾಲೇಜುಗಳಲ್ಲಿ ಪಾಸಾಗುವುದಿಲ್ಲ ಎಂಬ ಭಯ ಎಲ್ಲಿಂದ ಬಂತೋ! ಶಾಲೆ, ಸಂತೆ, ಬೆಳಗಿನ ತರಗತಿ, ಮೊಟ್ಟೆಯ ದಿನಗಳನ್ನು ಮೊದಲ ಎರಡು ಪುಟದಲ್ಲಿ ಹೇಳಿ, ಆರು ದಿನದ ಕೋಷ್ಟಕವನ್ನು ಮೂರನೇ ಪುಟಕ್ಕೆ ತನ್ನಿ ಎಂದೆ. ಇತಿಹಾಸದಲ್ಲಿ ಕೋಷ್ಟಕ ಅರ್ಥವಾಗಲು ಬೇಕಾದದ್ದು ಎರಡೇ ಸಂಗತಿ, ಬಿಸಿಯೂಟ ಯಾವಾಗ ಬಂತು, ಮೊಟ್ಟೆ ಯಾವಾಗ ಎಷ್ಟು ದಿನಕ್ಕೆ ಏರಿತು. ಗುರುಕುಲ ಪೂರ್ತಿ ಹೋಗಲಿಲ್ಲ. “ಗೈಡ್‌ಗೆ ಅದು ಬೇಕು” ಎಂದು ಮೇಷ್ಟ್ರು ಅರ್ಧ ಪುಟ ಉಳಿಸಿಕೊಂಡರು. ಪ್ರಬಂಧ ಅವರದು, ಗೈಡೂ ಅವರದೇ.

ಈ ನಡುವೆ ಒಂದು ವಿಷಯ ಹೇಳಬೇಕು. ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ ಲುಂಡ್‌ಸ್ಟ್ರಾಮ್ ಮತ್ತು ಬೇಕರ್ ಎಂಬ ಇಬ್ಬರು ಸಂಶೋಧಕರು, ಇಂಗ್ಲಿಷ್ ಕಲಿಯುವ ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬೇರೆಯವರ ಬರಹಕ್ಕೆ ಅಭಿಪ್ರಾಯ ಕೊಡುವುದನ್ನು, ಇನ್ನೊಂದಕ್ಕೆ ಬಂದ ಅಭಿಪ್ರಾಯವನ್ನು ಬಳಸಿ ತಿದ್ದುವುದನ್ನು ಕಲಿಸಿದರು. 2009ರಲ್ಲಿ ಅವರು ಪ್ರಕಟಿಸಿದ ಪ್ರಕಾರ ಬರವಣಿಗೆ ಹೆಚ್ಚು ಸುಧಾರಿಸಿದ್ದು ಕೊಟ್ಟವರದು. ಮೇಷ್ಟ್ರ ಆರು ದಿನದ ಸಾಲನ್ನು ನೋಡಿದ ಮೇಲೆ ನನ್ನ ಸ್ವಂತ ಕರಡಿನಲ್ಲಿ ‘ಇತರೆ’ ಎಂದು ಎಲ್ಲೆಲ್ಲಿ ಒಟ್ಟುಗೂಡಿಸಿದ್ದೇನೆ ಎಂದು ಹುಡುಕಲು ನಾನೂ ಶುರುಮಾಡಿದೆ. ನಮ್ಮ ನಮೂನೆಯ ಮೂರು ಕಲಂ ತಂದವರಿಗೆ ಇದು ಗೊತ್ತಿದ್ದಿರಬಹುದು. ಗೊತ್ತಿದ್ದರೆ ಕಲಂಗಳ ಅಗಲವನ್ನು ಇನ್ನೂ ಸ್ವಲ್ಪ ಹೆಚ್ಚು ಮಾಡಬಹುದಿತ್ತು. ಎರಡು ಬೆರಳಿನ ಜಾಗದಲ್ಲಿ ‘ಚೆನ್ನಾಗಿದೆ’ ಬಿಟ್ಟು ಬೇರೇನೂ ಹಿಡಿಸುವುದಿಲ್ಲ. ನಾನು ಹಿಂಬದಿಗೆ ಹಾಳೆ ಅಂಟಿಸಿದೆ.

ಎರಡನೇ ಕರಡು ಬಂತು. ಶೀರ್ಷಿಕೆ ‘ಮೊಟ್ಟೆಯ ದಿನಗಳ ಹಾಜರಾತಿ: ಒಂದು ಶಾಲೆಯ ಎರಡು ವರ್ಷಗಳ ದಾಖಲೆ’ ಎಂದಾಗಿತ್ತು. ಮೊಟ್ಟೆಯಿಂದ ಹಾಜರಾತಿ ಹೆಚ್ಚಿದ್ದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ, ಸಂತೆ ಮತ್ತು ಬೆಳಗಿನ ತರಗತಿಗಳ ಪರಿಣಾಮ ಅದಕ್ಕಿಂತ ದೊಡ್ಡದು ಎಂದು ಮೇಷ್ಟ್ರು ನೇರವಾಗಿ ಬರೆದಿದ್ದರು. ಒಂದು ಶಾಲೆಯ ನಲವತ್ತು ಮಕ್ಕಳಿಂದ ಇದಕ್ಕಿಂತ ಹೆಚ್ಚು ಹೇಳಲಾಗದು ಎಂದೂ ಸೇರಿಸಿದ್ದರು. ಮೊದಲನೆಯದಕ್ಕಿಂತ ಇದು ಓದಲು ಎಷ್ಟೋ ಚೆನ್ನಾಗಿತ್ತು, ಫಲಿತಾಂಶ ಸಪ್ಪೆಯಾದರೂ.

ನನ್ನ ಒಂದು ಸಲಹೆಯನ್ನು ಮಾತ್ರ ಅವರು ಬಿಟ್ಟಿದ್ದರು. ಯಾರಿಗೆ ಮೊಟ್ಟೆ, ಯಾರಿಗೆ ಬಾಳೆಹಣ್ಣು ಎಂಬ ಪಟ್ಟಿ ಶಾಲೆಯಲ್ಲಿ ಇರುತ್ತದೆ. ಬಾಳೆಹಣ್ಣಿನ ಮಕ್ಕಳ ಮಂಗಳವಾರದ ಹಾಜರಿಯನ್ನು ಬೇರೆ ತೆಗೆದು ನೋಡಿ, ಅವರೂ ಅಷ್ಟೇ ಬರುತ್ತಿದ್ದರೆ ಕರೆತಂದದ್ದು ಮೊಟ್ಟೆಯಲ್ಲ ಎಂದು ಇನ್ನೂ ಖಚಿತವಾಗುತ್ತದೆ ಎಂದು ನಾನು ಬರೆದಿದ್ದೆ. ಅದರ ಪಕ್ಕ ಮೇಷ್ಟ್ರು ಪೆನ್ಸಿಲಿನಲ್ಲಿ, ಆಮೇಲೆ ಅಳಿಸಿಬಿಡಿ ಎಂಬ ಸೂಚನೆಯೊಂದಿಗೆ ಬರೆದಿದ್ದರು: “ಬಾಳೆಹಣ್ಣಿನ ಪಟ್ಟಿಯಲ್ಲಿರುವವರಲ್ಲಿ ಮೂವರು ತಿನ್ನುವುದು ಮೊಟ್ಟೆಯನ್ನೇ. ಮನೆಯವರಿಗೆ ಗೊತ್ತಿಲ್ಲ. ಪ್ರಬಂಧದಲ್ಲಿ ಬರೆದರೆ ಊರಿಗೆ ಗೊತ್ತಾಗುತ್ತದೆ.” ನಲವತ್ತೇ ಮಕ್ಕಳ ನಡುವೆ ಹೆಸರು ಬಿಟ್ಟು ಬರೆದರೂ ಯಾರ ಮಗು ಎಂದು ತಿಳಿಯುವುದು ಕಷ್ಟವಲ್ಲ. ನಾನು ಅಳಿಸಿದೆ. ಅಂಥ ಕೋಷ್ಟಕ ಕೊನೆಯ ಪ್ರತಿಯಲ್ಲಿ ಇಲ್ಲ. ಮಿತಿಗಳು ಎಂಬ ಭಾಗದಲ್ಲಿ, ‘ಆಹಾರದ ಆಯ್ಕೆಯ ಪಟ್ಟಿಯನ್ನು ಈ ಅಧ್ಯಯನಕ್ಕೆ ಬಳಸಿಕೊಂಡಿಲ್ಲ’ ಎಂಬ ಒಂದು ವಾಕ್ಯ ಮಾತ್ರ ಇದೆ. ಅದರ ಪಕ್ಕ ಗೈಡ್ ಕೆಂಪು ಶಾಯಿಯಲ್ಲಿ ‘ಏಕೆ?’ ಎಂದು ಬರೆದು ಕಳಿಸಿದ್ದಾರಂತೆ. ಏನು ಉತ್ತರ ಬರೆಯಲಿ ಎಂದು ಮೇಷ್ಟ್ರು ನಿನ್ನೆ ಫೋನ್ ಮಾಡಿದ್ದರು.